ಜೀನ್ಸಿಗೂ ಕುರ್ತಾಗೂ ಹೊಂದುವ ಟೋಪಿ ಯಾವುದು? ಕ್ಯಾಪ್ ಹಾಕಿದರೂ ಕಿವಿ ಸುಡುತ್ತಿದೆ

ಕರ್ವೆನಗರ ಗದಗ

ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ಫ್ಲಾಟ್ ತೋರಿಸುವ ಕೆಲಸ ನನ್ನದು. ಅರ್ಧ ದಿನ ಆಫೀಸು, ಅರ್ಧ ದಿನ ಸೈಟು. ಬಟ್ಟೆ ಬಗ್ಗೆ ಯಾರೂ ಕೇಳುವುದಿಲ್ಲ. ಜೀನ್ಸ್ ಇಲ್ಲವೇ ಖಾಕಿ ಕಾಟನ್ ಪ್ಯಾಂಟು, ಅರ್ಧ ತೋಳಿನ ಶರ್ಟು, ಶನಿವಾರ ಕುರ್ತಾ. ತಲೆಗೆ ಮಾಮೂಲಿ ಬೇಸ್‌ಬಾಲ್ ಕ್ಯಾಪು.

ಮುಖ ಪರವಾಗಿಲ್ಲ. ಆದರೆ ಏಪ್ರಿಲ್ ಬಂತೆಂದರೆ ಎರಡೂ ಕಿವಿಯ ಮೇಲ್ತುದಿ ಮತ್ತು ಕತ್ತಿನ ಹಿಂಭಾಗ ಸುಟ್ಟು ಸಿಪ್ಪೆ ಏಳುತ್ತದೆ. ಅದಕ್ಕೆ ಸುತ್ತಲೂ ಅಗಲ ಅಂಚಿರುವ ಬಿಳಿ ಹ್ಯಾಟ್ ತಂದೆ. ಹಾಕಿಕೊಂಡು ಹೊರಟರೆ ಹೆಂಡತಿ "ರೀ, ಟಾಸ್ ಯಾರು ಗೆದ್ದರು?" ಎಂದು ಕೇಳಿದಳು. ಗಿರಾಕಿ ಎದುರು ಅಂಪೈರ್ ಥರ ನಿಲ್ಲಲು ಆಗುತ್ತಾ? ಸಾದಾ ಬಟ್ಟೆಗೆ ಹೊಂದಬೇಕು, ಕಿವಿಯೂ ಉಳಿಯಬೇಕು. ಅಂಥದ್ದು ಏನಾದರೂ ಇದೆಯಾ?

ಬೊರಿವಲಿ ಫಾಸ್ಟ್

ಛತ್ರಿ.

ಕರ್ವೆನಗರ ಗದಗ

ಒಂದು ಕೈಯಲ್ಲಿ ನಕ್ಷೆ, ಇನ್ನೊಂದರಲ್ಲಿ ಫೋನು. ಛತ್ರಿ ಹಿಡಿಯಲು ನೀವೇ ಬನ್ನಿ ಸರ್.

ಬೊರಿವಲಿ ಫಾಸ್ಟ್

ಬರುತ್ತೇನೆ, ಮಿಸಳ್ ಕೊಡಿಸಿ. ತಮಾಷೆ ಬಿಡಿ, ಕಪ್ಪು ಛತ್ರಿಯನ್ನು ಹಗುರವಾಗಿ ತಗೋಬೇಡಿ. ನೂರರಲ್ಲಿ ತೊಂಬತ್ತು ಪಾಲಿಗಿಂತ ಜಾಸ್ತಿ ಯುವಿ ತಡೆಯುತ್ತದೆ. ಚರ್ಚ್‌ಗೇಟ್‌ನಿಂದ ನರಿಮನ್ ಪಾಯಿಂಟ್‌ಗೆ ದಿನಾ ಅದನ್ನೇ ಹಿಡಿದು ನಡೆಯುತ್ತೇನೆ. ಯಾರೂ ತಿರುಗಿ ನೋಡುವುದಿಲ್ಲ.

ವಿಜಯಪುರ ಬಿಸಿಲು

ನೀವೆಲ್ಲ ಪೇಟೆಯವರು ಸುಮ್ನೆ ಕಷ್ಟ ಮಾಡಿಕೊಳ್ಳುತ್ತೀರಿ. ನಮ್ಮ ಕಡೆ ಮೇ ತಿಂಗಳ ಬಿಸಿಲಲ್ಲಿ ಟವಲ್ ಸುತ್ತಿಕೊಂಡು ದಿನವಿಡೀ ಹೊಲದಲ್ಲಿ ಇರುತ್ತಾರೆ. ಕಿವಿ, ಕತ್ತು, ಬೆವರು ಎಲ್ಲಕ್ಕೂ ಒಂದೇ ಟವಲ್.

ಬಾಂದ್ರಾ ಬೆಣ್ಣೆದೋಸೆ

ಅಣ್ಣಾ, ಅವರು ಎರಡು ಕೋಟಿಯ ಫ್ಲಾಟ್ ಮಾರಬೇಕು 😄

ವಿಜಯಪುರ ಬಿಸಿಲು

ನಮ್ಮ ಊರಲ್ಲಿ ಅದೇ ಟವಲ್ ಸುತ್ತಿಕೊಂಡು ಎರಡು ಕೋಟಿಯ ಹೊಲ ಮಾರುತ್ತಾರೆ ತಂಗಿ.

ಮಾಟುಂಗಾ ಸೂಜಿದಾರ

ಗದಗ ಅವರೇ, ನಾನು ದಾದರ್‌ನ ಒಂದು ಹೊಲಿಗೆ ಘಟಕದಲ್ಲಿ ಕಟಿಂಗ್ ನೋಡಿಕೊಳ್ಳುತ್ತಿದ್ದೆ. ಕ್ಯಾಪು, ಹ್ಯಾಟು, ಮಕ್ಕಳ ಕುಲಾಯಿ ಎಲ್ಲ ಮಾಡಿಸಿದ್ದೇನೆ. ನಿಮ್ಮ ಕಿವಿ ಸುಡುವುದರಲ್ಲಿ ಆಶ್ಚರ್ಯ ಇಲ್ಲ. ಬೇಸ್‌ಬಾಲ್ ಕ್ಯಾಪಿನ ಅಂಚು ಮುಂದೆ ಮಾತ್ರ ಇರುತ್ತದೆ. ಹಣೆ, ಕಣ್ಣು, ಮೂಗು ಅಷ್ಟೇ ಅದರ ಪಾಲು.

ಒಂದು ಸುಲಭ ಲೆಕ್ಕ ನೋಡಿ. ನಿಮ್ಮ ನೆರಳು ನಿಮ್ಮಷ್ಟೇ ಉದ್ದ ಇದ್ದಾಗ ಸೂರ್ಯ ಸರಿಯಾಗಿ ಅರ್ಧ ಮೇಲೆ ಇರುತ್ತಾನೆ, ಅಂದರೆ 45 ಡಿಗ್ರಿ. ಪುಣೆಯಲ್ಲಿ ಮೇ ತಿಂಗಳಲ್ಲಿ ಅದು ಬೆಳಿಗ್ಗೆ ಸುಮಾರು ಒಂಬತ್ತೂವರೆಗೆ, ಮಧ್ಯಾಹ್ನ ಸುಮಾರು ಮೂರೂವರೆಗೆ. ಆ ಹೊತ್ತಲ್ಲಿ ಅಂಚು ಎಷ್ಟು ಹೊರಗೆ ಚಾಚಿದೆಯೋ ಅಷ್ಟೇ ಕೆಳಗಿನವರೆಗೆ ನೆರಳು ಬೀಳುತ್ತದೆ. 4 ಸೆಂಟಿಮೀಟರ್ ಅಂಚಿದ್ದರೆ 4 ಸೆಂಟಿಮೀಟರ್ ನೆರಳು. ಅದರಲ್ಲೂ ಕಿವಿ ಹೊರಗೆ ಚಾಚಿಕೊಂಡಿರುತ್ತದೆ, ಆ ನೆರಳು ಇನ್ನೂ ಕಡಿಮೆಯಾಗುತ್ತದೆ. ಹಾಗಾಗಿ ಚಿಕ್ಕ ಅಂಚಿನ ಟೋಪಿಯಲ್ಲಿ ಕಿವಿಯ ಮೇಲ್ತುದಿಗಷ್ಟೇ ನೆರಳು, ಉಳಿದಿದ್ದು ಬಿಸಿಲಿಗೆ.

ಕೆಳಕ್ಕೆ ಇಳಿಜಾರಾದ ಅಂಚು ಇದ್ದರೆ ಕತೆ ಬೇರೆ. 7 ಸೆಂಟಿಮೀಟರ್ ಅಂಚು ಸ್ವಲ್ಪ ಇಳಿದು ನಿಂತರೆ ಹೊರಗೆ ಚಾಚುವುದು 6 ಆಗುತ್ತದೆ, ಆದರೆ ಅದರ ತುದಿಯೇ ಮೂರೂವರೆ ಸೆಂಟಿಮೀಟರ್ ಕೆಳಗೆ ಬಂದಿರುತ್ತದೆ. ನೆರಳು ಒಟ್ಟು ಒಂಬತ್ತೂವರೆವರೆಗೆ ಹೋಗುತ್ತದೆ. ಹಾಗಾಗಿ ನಿಮಗೆ ಬೇಕಾಗಿರುವುದು ಆ ಅಂಪೈರ್ ಹ್ಯಾಟಿನಷ್ಟು ಅಗಲದ್ದಲ್ಲ. ಇಳಿಜಾರು ಅಂಚಿನ ಬಕೆಟ್ ಹ್ಯಾಟ್.

ಕರ್ವೆನಗರ ಗದಗ

ಅಕ್ಕಾ, ಈ ಲೆಕ್ಕ ಶಾಲೆಯಲ್ಲಿ ಹೀಗೆ ಹೇಳಿಕೊಟ್ಟಿದ್ದರೆ ನಾನು ಇವತ್ತು ಎಂಜಿನಿಯರ್ ಆಗಿರುತ್ತಿದ್ದೆ.

ಮೆಡಿಕಲ್ ಭಟ್ರು

ಠಾಣೆಯಲ್ಲಿ ಮೆಡಿಕಲ್ ಅಂಗಡಿ ಇದೆ ನನ್ನದು. ಇಷ್ಟು ಲೆಕ್ಕ ಬೇಡ. ಯುಪಿಎಫ್ 50 ಎಂದು ಬರೆದಿರುವ ಟೋಪಿ ತಗೊಳ್ಳಿ, ಬಿಳಿ ಬಣ್ಣದ್ದು. ಬಿಳಿ ಬಿಸಿಲನ್ನು ವಾಪಸ್ ಕಳಿಸುತ್ತದೆ. ಬಟ್ಟೆ ಒಳ್ಳೆಯದಿದ್ದರೆ ಅಂಚು ಎಷ್ಟಿದ್ದರೂ ನಡೆಯುತ್ತದೆ.

ಮಾಟುಂಗಾ ಸೂಜಿದಾರ

ಭಟ್ರೇ, ಯುಪಿಎಫ್ ವಿಷಯ ಅರ್ಧ ಸರಿ. 50 ಎಂದರೆ ಆ ಬಟ್ಟೆಯ ಮೂಲಕ ಐವತ್ತರಲ್ಲಿ ಒಂದು ಪಾಲು ಮಾತ್ರ ಒಳಗೆ ಬರುತ್ತದೆ. ಆದರೆ ಅದು ಬಟ್ಟೆ ಇರುವ ಜಾಗಕ್ಕೆ. ಬಟ್ಟೆಯೇ ಇಲ್ಲದ ಕಿವಿಗೆ ಯಾವ ಯುಪಿಎಫ್?

ಬಣ್ಣದ ಮಾತೂ ಹಾಗೇ. ಬಿಳಿ ಟೋಪಿ ಸ್ವಲ್ಪ ತಂಪು, ಒಪ್ಪುತ್ತೇನೆ. ಆದರೆ ಒಂದೇ ಬಟ್ಟೆಯಲ್ಲಿ ಗಾಢ ಬಣ್ಣವೇ ಯುವಿಯನ್ನು ಹೆಚ್ಚು ತಡೆಯುತ್ತದೆ. ತೆಳು ಬಿಳಿ ಕಾಟನ್ ಅನ್ನು ಬೆಳಕಿಗೆ ಹಿಡಿದು ನೋಡಿ, ಆಚೆ ಕಿಟಕಿಯ ಸರಳು ಕಾಣುತ್ತದೆ. ಇನ್ನು ಅಂಚಿನ ಅಡಿಭಾಗ ಬಿಳಿ ಇದ್ದರೆ ನೆಲದಿಂದ ಬರುವ ಬೆಳಕು ಅದಕ್ಕೆ ಬಡಿದು ಮುಖಕ್ಕೇ ಬೀಳುತ್ತದೆ. ಮೇಲೆ ತಿಳಿ ಬಣ್ಣ, ಅಡಿಗೆ ಕಡು ಬಣ್ಣ ಇದ್ದರೆ ಒಳ್ಳೆಯದು.

ಮೆಡಿಕಲ್ ಭಟ್ರು

ಬಿಳಿ ತಂಪು ಎಂದು ಒಪ್ಪಿದಿರಲ್ಲ, ಅಷ್ಟು ಸಾಕು. ಆದರೂ ಸನ್‌ಸ್ಕ್ರೀನ್ ಬೇಕೇ ಬೇಕು. ಟೋಪಿ ನಂಬಿ ಕೂರಬೇಡಿ.

ಮಾಟುಂಗಾ ಸೂಜಿದಾರ

ಇದರಲ್ಲಿ ನಿಮ್ಮ ಕಡೆಯೇ. ಏಳೂವರೆ ಸೆಂಟಿಮೀಟರ್ ದಾಟಿದ ಅಂಚು ಕೂಡ ಮೂಗಿಗೆ ಎಸ್‌ಪಿಎಫ್ 7ರಷ್ಟು, ಕೆನ್ನೆಗೆ 3ರಷ್ಟು, ಗಲ್ಲಕ್ಕೆ 2ರಷ್ಟು ಮಾತ್ರ ರಕ್ಷಣೆ ಕೊಡುತ್ತದೆ ಎಂದು ಅಳತೆ ಮಾಡಿದವರು ಹೇಳಿದ್ದಾರೆ. ಯುವಿ ಸೂರ್ಯನಿಂದ ನೇರ ಬರುವುದಷ್ಟೇ ಅಲ್ಲ, ಆಕಾಶದ ಎಲ್ಲ ಕಡೆಯಿಂದ ಚದುರಿ ಬರುತ್ತದೆ. ಗಲ್ಲಕ್ಕೆ, ಕತ್ತಿಗೆ, ಕಿವಿಗೆ ಹಚ್ಚಲೇಬೇಕು. ಕಿವಿಯ ಹಿಂಭಾಗ ಎಲ್ಲರೂ ಮರೆಯುತ್ತಾರೆ.

ಸ್ವಾರಗೇಟ್ ಸ್ಕೂಟಿ

ಪುಣೆಯಲ್ಲಿ ಇದ್ದುಕೊಂಡು ಇದನ್ನು ಕೇಳುತ್ತೀರಲ್ಲ! ಇಲ್ಲಿನ ಹುಡುಗಿಯರನ್ನು ನೋಡಿ. ಕಣ್ಣು ಬಿಟ್ಟು ಎಲ್ಲ ಸ್ಕಾರ್ಫ್ ಒಳಗೆ, ಮೇಲೆ ಸನ್‌ಕೋಟು, ಮೊಣಕೈವರೆಗೆ ಗ್ಲೌಸು. ಆಮೇಲೆ ಹೆಲ್ಮೆಟ್. ತುಳಸಿಬಾಗ್‌ನಲ್ಲಿ ಎಲ್ಲ ಸಿಗುತ್ತದೆ. ಹೆಲ್ಮೆಟ್ ಗಾಜು ಇಳಿಸಿಕೊಂಡರೆ ಇನ್ನೂ ಒಳ್ಳೆಯದು. ಪಾಲಿಕಾರ್ಬೊನೇಟ್ ಗಾಜು ಯುವಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಅಂದ ಹಾಗೆ ಹೆಲ್ಮೆಟ್ ಒಳಗೆ ಕ್ಯಾಪ್ ಹಾಕಬೇಡಿ. ಬಿಗಿಯಾಗಿ ಕೂರುವುದಿಲ್ಲ, ಬಿದ್ದರೆ ಅಪಾಯ.

ಕರ್ವೆನಗರ ಗದಗ

ನಾನು ಗಾಡಿ ಓಡಿಸುವಾಗಿನ ಮಾತು ಹೇಳಲಿಲ್ಲ ಅಕ್ಕಾ. ಗಾಡಿ ನಿಲ್ಲಿಸಿ ಸೈಟಿನಲ್ಲಿ ನಡೆಯುವಾಗಿನದ್ದು. ಸನ್‌ಕೋಟು ಹಾಕಿ ಹೋದರೆ ಗಿರಾಕಿ ಲ್ಯಾಬಿನವರು ರಕ್ತ ತೆಗೆಯಲು ಬಂದರು ಅಂದುಕೊಂಡಾರು.

ಸ್ವಾರಗೇಟ್ ಸ್ಕೂಟಿ

ಸರಿ, ಗಾಡಿಯಲ್ಲಿ ಹೋಗುವವರು ಬೇರೆ ಯಾರಾದರೂ ಓದುತ್ತಾರೆ, ಇರಲಿ.

ಬಾಂದ್ರಾ ಬೆಣ್ಣೆದೋಸೆ

ಬಕೆಟ್ ಹ್ಯಾಟ್‌ಗೆ ನನ್ನದೂ ಓಟು. ಈಗ ಕಾಲೇಜು ಹುಡುಗರಿಂದ ಹಿಡಿದು ಎಲ್ಲರೂ ಹಾಕುತ್ತಾರೆ, ಎಲ್ಲೂ ವಿಚಿತ್ರ ಅನ್ನಿಸುವುದಿಲ್ಲ. ಟೋಪಿ ಯಾಕೆ ಹೊಂದುವುದಿಲ್ಲ ಅಂದರೆ ಮೂರು ತರಹದ ಕಾರಣ ಕಾಣುತ್ತದೆ ನನಗೆ. ಒಂದು, ಎದುರಿಗೆ ದೊಡ್ಡ ಅಕ್ಷರ, ಹೊಳೆಯುವ ಲೋಗೋ. ಇನ್ನೊಂದು, ಮಿರಮಿರ ಮಿಂಚುವ ಪಾಲಿಯೆಸ್ಟರ್ ಟೋಪಿ, ಕೆಳಗೆ ಕಾಟನ್ ಕುರ್ತಾ. ತಲೆ ಮೈದಾನಕ್ಕೆ ಹೊರಟಿದೆ, ಮೈ ಮದುವೆಗೆ ಹೊರಟಿದೆ ಅನ್ನಿಸುತ್ತದೆ. ಕೊನೆಯದು, ಶರ್ಟಿನ ಬಣ್ಣಕ್ಕೆ ಟೋಪಿ ಮ್ಯಾಚ್ ಮಾಡುವುದು. ನೀಲಿ ಶರ್ಟಿಗೆ ಅದೇ ನೀಲಿ ಟೋಪಿ ಅಂದರೆ ಯೂನಿಫಾರ್ಮ್. ಟೋಪಿಯ ಬಣ್ಣ ಚಪ್ಪಲಿ, ಬೆಲ್ಟು ಅಥವಾ ಬ್ಯಾಗಿನ ಹತ್ತಿರ ಇರಲಿ. ಖಾಕಿ, ಆಲಿವ್, ನೇವಿ, ಬೂದು. ಯಾವ ಶರ್ಟಿಗೂ ಜಗಳ ಇಲ್ಲ.

ಲಿಂಕಿಂಗ್ ರೋಡಿನಲ್ಲಿ ರಾಶಿ ಹಾಕಿರುತ್ತಾರೆ, ಕೊಲಾಬಾದಲ್ಲೂ. ಹೇಳಿದ ಬೆಲೆಯ ಅರ್ಧದಿಂದ ಶುರು ಮಾಡಿ.

ಮಾಟುಂಗಾ ಸೂಜಿದಾರ

ಬಣ್ಣದ ಮಾತು ಪೂರ್ತಿ ಒಪ್ಪಿದೆ. ಆದರೆ ಲಿಂಕಿಂಗ್ ರೋಡಿನ ಆ ಬಕೆಟ್ ಹ್ಯಾಟುಗಳನ್ನು ಅಳೆದು ನೋಡಿದ್ದೀಯಾ ಮಗಳೇ? ಅಂಚು ಮಹಾ ಅಂದರೆ ಐದು ಸೆಂಟಿಮೀಟರ್. ಬಟ್ಟೆ ಉಳಿಸಲು ಹಾಗೆ ಕತ್ತರಿಸುತ್ತಾರೆ. ಫೋಟೋಗೆ ಚೆಂದ, ಕಿವಿಗೆ ಉಪಯೋಗ ಇಲ್ಲ. ಆಸ್ಟ್ರೇಲಿಯಾದಲ್ಲಿ ಬಕೆಟ್ ಹ್ಯಾಟ್ ಎಂದರೆ ದೊಡ್ಡವರಿಗೆ ಕನಿಷ್ಠ 6 ಸೆಂಟಿಮೀಟರ್ ಇಳಿಜಾರು ಅಂಚು ಇರಲಿ, ತಲೆ ಭಾಗ ಆಳ ಇರಲಿ ಎನ್ನುತ್ತಾರೆ. ಬೇಸ್‌ಬಾಲ್ ಕ್ಯಾಪನ್ನು ಬಿಸಿಲಿಗೆ ಬೇಡ ಎಂದೇ ಹೇಳುತ್ತಾರೆ. ಚರ್ಮದ ಕ್ಯಾನ್ಸರ್ ಜಾಸ್ತಿ ಇರುವ ದೇಶ, ಅವರು ಸುಮ್ನೆ ಹೇಳುವುದಿಲ್ಲ.

ಬಾಂದ್ರಾ ಬೆಣ್ಣೆದೋಸೆ

ಅಳತೆಪಟ್ಟಿ ಹಿಡಿದು ಶಾಪಿಂಗ್ ಹೋಗುವ ಕಾಲ ಬಂತು ಆಂಟಿ. ಐದಕ್ಕೂ ಏಳಕ್ಕೂ ನೋಟದಲ್ಲಿ ತುಂಬಾ ವ್ಯತ್ಯಾಸ ಇದೆ. ಏಳು ದಾಟಿದರೆ ಅದು ಫ್ಯಾಷನ್ ಅಲ್ಲ, ಮೀನುಗಾರಿಕೆ.

ಮಾಟುಂಗಾ ಸೂಜಿದಾರ

ಅದು ಯಾರ ಭುಜದ ಮೇಲೆ ಅನ್ನುವುದರ ಮೇಲೆ ಹೋಗುತ್ತದೆ. ನಿನ್ನ ಭುಜ ಚಿಕ್ಕದು, ಅವರದು ಅಗಲ ಇರಬಹುದು. ಅಂಚು ಭುಜ ದಾಟಬಾರದು, ಅಷ್ಟೇ ನಿಯಮ.

ಮಡಗಾಂವ್ ಮಂಡಕ್ಕಿ

ಗೋವಾದಿಂದ ಒಂದು ಮಾತು. ಇಲ್ಲಿಗೆ ಬರುವವರೆಲ್ಲ ಕಲಂಗುಟ್ ರಸ್ತೆಯಲ್ಲಿ ಹುಲ್ಲಿನ ಹ್ಯಾಟ್ ಕೊಂಡು ಸಂಜೆಗೆ ಕೆಂಪಗಾಗಿ ಬರುತ್ತಾರೆ. ಹೆಣಿಗೆ ಸಡಿಲ ಇರುವ ಹ್ಯಾಟು ಜರಡಿ ಇದ್ದ ಹಾಗೆ, ಮುಖದ ಮೇಲೆ ಬಿಸಿಲಿನ ಚುಕ್ಕಿ ಕಾಣುತ್ತದೆ. ಅಂಥದ್ದನ್ನು ಕೊಳ್ಳುವ ಮೊದಲು ಕೈಯ ಮೇಲೆ ಹಿಡಿದು ನೋಡಿ. ನೆರಳಲ್ಲಿ ಬೆಳಕಿನ ಚುಕ್ಕಿ ಬಂದರೆ ವಾಪಸ್ ಇಡಿ.

ಬೀಚಿನಲ್ಲಿ ಇನ್ನೊಂದು ತೊಂದರೆ. ಒಣ ಮರಳು ನೂರರಲ್ಲಿ ಸುಮಾರು 15 ಪಾಲು ಯುವಿಯನ್ನು ಮೇಲಕ್ಕೆ ಎಸೆಯುತ್ತದೆ, ಸಮುದ್ರದ ನೊರೆ 25ರಷ್ಟು. ಅದಕ್ಕೆ ಯಾವ ಟೋಪಿಯೂ ಅಡ್ಡ ಬರುವುದಿಲ್ಲ. ಬೀಚ್ ಛತ್ರಿಯೂ ಅಷ್ಟೇ. ಟೆಕ್ಸಾಸ್‌ನಲ್ಲಿ ಒಂದು ಸರೋವರದ ದಂಡೆಯಲ್ಲಿ ಜನರನ್ನು ಮೂರೂವರೆ ಗಂಟೆ ಕೂರಿಸಿ ನೋಡಿದ್ದರು, 2017ರಲ್ಲಿ ಬಂದ ವರದಿ. ಬರೀ ಛತ್ರಿ ಕೆಳಗೆ ಕೂತವರಲ್ಲಿ ನೂರಕ್ಕೆ 78 ಮಂದಿಗೆ ಎಲ್ಲಾದರೂ ಸುಟ್ಟಿತ್ತು.

ಬೊರಿವಲಿ ಫಾಸ್ಟ್

ನನ್ನ ಛತ್ರಿ ಮೇಲೇ ಬಂದಿರಲ್ಲ.

ಮಡಗಾಂವ್ ಮಂಡಕ್ಕಿ

ನಿಮ್ಮದು ತಲೆಗೆ ಅಂಟಿಕೊಂಡ ಹಾಗೆ ಹಿಡಿಯುವ ಛತ್ರಿ, ಅದು ಬೇರೆ. ಬೀಚಿನದ್ದು ದೂರ ನೆಟ್ಟಿರುತ್ತಾರೆ, ಪಕ್ಕದಿಂದ ಎಲ್ಲ ಬರುತ್ತದೆ.

ಮೆಡಿಕಲ್ ಭಟ್ರು

ಆ ಟೆಕ್ಸಾಸ್ ಪ್ರಯೋಗದಲ್ಲಿ ಸನ್‌ಸ್ಕ್ರೀನ್ ಹಚ್ಚಿದವರಲ್ಲೂ ನೂರಕ್ಕೆ 25 ಮಂದಿಗೆ ಸುಟ್ಟಿತ್ತು, ಅದನ್ನೂ ಹೇಳಿ. ಎರಡೂ ಬೇಕು ಅನ್ನುವುದು ನಾನು ಮೊದಲೇ ಹೇಳಿದ್ದು.

ಪನ್ವೇಲ್ ಬೋಳುತಲೆ

ನನ್ನದೂ ಒಂದು ಕೇಳಿ. ತಲೆಯಲ್ಲಿ ಕೂದಲಿಲ್ಲ. ಗಾಳಿ ಆಡಲಿ ಎಂದು ಹಿಂದೆ ಬಲೆ ಇರುವ ಟ್ರಕರ್ ಕ್ಯಾಪ್ ಹಾಕಿಕೊಂಡು ಅಲಿಬಾಗ್‌ಗೆ ಹೋಗಿದ್ದೆ. ರಾತ್ರಿ ತಲೆ ಹಿಂಭಾಗ ಉರಿ. ಬಲೆಯೊಳಗಿಂದ ಬಿಸಿಲು ಸಲೀಸಾಗಿ ಬಂದಿದೆ. ಅದರ ಮೇಲೆ ಸ್ವಲ್ಪ ಹೊತ್ತು ಕ್ಯಾಪನ್ನು ಹಿಂದುಮುಂದು ತಿರುಗಿಸಿ ಹಾಕಿದ್ದೆ. ಹಣೆ ಮೇಲೆ ಪಟ್ಟಿಯ ಸಂದಿನ ಆಕಾರದಲ್ಲಿ ಒಂದು ಅರ್ಧಚಂದ್ರ ಮೂಡಿತ್ತು. ಆಫೀಸಿನಲ್ಲಿ ಒಂದು ವಾರ ಎಲ್ಲರೂ ಕೈಮುಗಿದರು.

ವಿಜಯಪುರ ಬಿಸಿಲು

😂😂 ಟವಲ್ ಇದ್ದಿದ್ದರೆ...

ಕರ್ವೆನಗರ ಗದಗ

ಸರಿ, ಕ್ಯಾಂಪಿಗೆ ಹೋಗಿ ಬಂದೆ. ಎಂಜಿ ರೋಡ್ ಫ್ಯಾಷನ್ ಸ್ಟ್ರೀಟು ಮತ್ತು ಪಕ್ಕದ ಒಂದೆರಡು ಅಂಗಡಿ. ಸೂಜಿದಾರ ಅಕ್ಕ ಹೇಳಿದಂತೆ ಟೇಪು ತಗೊಂಡು ಹೋಗಿದ್ದೆ, ಅಂಗಡಿಯವನು ನನ್ನನ್ನು ದರ್ಜಿ ಅಂದುಕೊಂಡ. ಬೀದಿಯ ಬಕೆಟ್ ಹ್ಯಾಟಿನ ಅಂಚು ನಿಜವಾಗಿಯೂ ಐದೇ ಇತ್ತು. ಒಂದು ಅಂಗಡಿಯಲ್ಲಿ ಚಾರಣಕ್ಕೆ ಎಂದು ಇಟ್ಟಿದ್ದ ಆಲಿವ್ ಕಾಟನ್ ಹ್ಯಾಟು ಏಳು ಇತ್ತು. ಹಾಕಿಕೊಂಡರೆ ತಲೆ ಮೇಲೆ ಇಟ್ಟಂತೆ ಕಾಣುತ್ತದೆ, ಕೂತಂತೆ ಅಲ್ಲ. ಕನ್ನಡಿಯಲ್ಲಿ ನನಗೇ ನಗು ಬಂತು. ಫ್ರೀ ಸೈಜ್ ಎಂದು ಬರೆದಿತ್ತು. ವಾಪಸ್ ಇಟ್ಟು ಬಂದೆ.

ಮಾಟುಂಗಾ ಸೂಜಿದಾರ

ತಲೆ ಸುತ್ತಳತೆ ಎಷ್ಟು? ಹುಬ್ಬಿನ ಮೇಲೆ ಒಂದು ಬೆರಳು, ಕಿವಿಯ ಮೇಲೆ ಒಂದು ಬೆರಳು ಬಿಟ್ಟು, ಹಿಂದೆ ತಲೆ ಉಬ್ಬಿದ ಜಾಗದ ಮೇಲಿಂದ ಟೇಪು ತನ್ನಿ. ಬಿಗಿ ಬೇಡ.

ಕರ್ವೆನಗರ ಗದಗ

59 ಮತ್ತು ಸ್ವಲ್ಪ.

ಮಾಟುಂಗಾ ಸೂಜಿದಾರ

ಅಲ್ಲೇ ಇದೆ ನೋಡಿ. ಇಲ್ಲಿ ಫ್ರೀ ಸೈಜ್ ಎಂದು ಮಾರುವುದು ಹೆಚ್ಚಾಗಿ 57ರ ಸುತ್ತಮುತ್ತ. ನಿಮ್ಮ ತಲೆಗೆ ಅದು ಪೂರ್ತಿ ಇಳಿಯುವುದಿಲ್ಲ. ಎರಡು ಬೆರಳು ಮೇಲೆ ನಿಂತಿತು ಎಂದರೆ ಮೂರು ಸೆಂಟಿಮೀಟರ್ ನೆರಳು ಹೋಯಿತು. ಅಂಚೂ ಮೇಲಕ್ಕೆ ಎದ್ದುಕೊಳ್ಳುತ್ತದೆ, ಇಳಿಜಾರು ಮಾಯ. ಟೋಪಿ ಹೊಂದುತ್ತಿಲ್ಲ ಎಂದು ಗಂಡಸರು ಹೇಳುವ ದೂರಿನಲ್ಲಿ ಮುಕ್ಕಾಲು ಪಾಲು ಸೈಜಿನದ್ದು. ಜನ ಬಣ್ಣ ಬದಲಿಸುತ್ತಾರೆ, ಮಾದರಿ ಬದಲಿಸುತ್ತಾರೆ, ಟೇಪು ಮಾತ್ರ ಮುಟ್ಟುವುದಿಲ್ಲ.

60ರದ್ದು ಕೇಳಿ. ಸ್ವಲ್ಪ ಸಡಿಲ ಅನ್ನಿಸಿದರೆ ಒಳಪಟ್ಟಿಯ ಹಿಂದೆ ಸ್ಪಂಜಿನ ತೆಳು ಪಟ್ಟಿ ಇಟ್ಟು ಹೊಲಿದರೆ ಆಯಿತು. ಚಿಕ್ಕದನ್ನು ದೊಡ್ಡದು ಮಾಡಲು ಬರುವುದಿಲ್ಲ, ದೊಡ್ಡದನ್ನು ಚಿಕ್ಕದು ಮಾಡಬಹುದು. ಕೊಳ್ಳುವಾಗ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಅಂಚಿನ ಮೇಲೆ ಸುತ್ತು ಸುತ್ತಾಗಿ ಹೊಲಿಗೆ ಹತ್ತಿರ ಹತ್ತಿರ ಇರಬೇಕು, ಒಳಗೆ ಬಿಗಿ ಕೊಡುವ ಬಕ್ರಮ್ ಬಟ್ಟೆ ಇರಬೇಕು. ಬಕ್ರಮ್ ಇಲ್ಲದ ಅಂಚು ಗಾಳಿಗೆ ಹಣೆ ಮೇಲೆ ಮಡಚಿಕೊಳ್ಳುತ್ತದೆ. ತೀರಾ ದಪ್ಪ ಬಕ್ರಮ್ ಹಾಕಿದರೆ ತಟ್ಟೆಯಂತೆ ನೆಟ್ಟಗೆ ನಿಲ್ಲುತ್ತದೆ. ಅದೇ ನಿಮ್ಮ ಅಂಪೈರ್ ಹ್ಯಾಟು.

ಪನ್ವೇಲ್ ಬೋಳುತಲೆ

ನನ್ನದು 61. ಜೀವನದಲ್ಲಿ ಯಾವ ಟೋಪಿಯೂ ಯಾಕೆ ಕೂರಲಿಲ್ಲ ಎಂದು ಈಗ ತಿಳಿಯಿತು.

ಸ್ವಾರಗೇಟ್ ಸ್ಕೂಟಿ

ಮೇ ತಿಂಗಳ ಮಧ್ಯದಲ್ಲಿ ಪುಣೆಯಲ್ಲಿ ಶೂನ್ಯ ನೆರಳಿನ ದಿನ ಬರುತ್ತದಲ್ಲ, 13, 14ನೇ ತಾರೀಕಿನ ಸುಮಾರಿಗೆ. ಸೂರ್ಯ ನೇರ ನೆತ್ತಿ ಮೇಲೆ. ಆಗ ಮಧ್ಯಾಹ್ನ ಯಾವ ಟೋಪಿಯಾದರೂ ನಡೆಯಬೇಕಲ್ವಾ? ಕ್ಯಾಪ್ ಕೂಡ?

ಮಾಟುಂಗಾ ಸೂಜಿದಾರ

ಮುಖಕ್ಕೆ ನಡೆಯುತ್ತದೆ. ಕಿವಿ ಕ್ಯಾಪಿನಿಂದ ಹೊರಗೆ ಚಾಚಿಕೊಂಡಿದೆ, ಅದಕ್ಕೆ ನೇರ ಮೇಲಿಂದಲೇ ಬೀಳುತ್ತದೆ. ಮೇಲ್ತುದಿ ಸುಡುವುದು ಅದಕ್ಕೇ. ನಿಮ್ಮ ನೆರಳು ನಿಮಗಿಂತ ಚಿಕ್ಕದು ಇರುವಷ್ಟು ಹೊತ್ತೂ ಬಿಸಿಲು ಜೋರು ಎಂದುಕೊಳ್ಳಿ. ಪುಣೆಯ ಬೇಸಿಗೆಯಲ್ಲಿ ಅದು ಆರು ಗಂಟೆಯಷ್ಟು ದೊಡ್ಡ ಅವಧಿ.

ಕರ್ವೆನಗರ ಗದಗ

ಸಿಕ್ಕಿತು! ಅದೇ ಅಂಗಡಿ, ಅದೇ ಆಲಿವ್ ಬಣ್ಣ, ಒಳಗಿನಿಂದ 60 ಹುಡುಕಿ ಕೊಟ್ಟ. 650 ಹೇಳಿದ, 500ಕ್ಕೆ ಬಂತು. ಇವತ್ತು ಸೈಟಿನಲ್ಲಿ ಪರೀಕ್ಷೆ ಮಾಡಿದೆ. ಬೆಳಿಗ್ಗೆ ನೆರಳು ನನ್ನಷ್ಟೇ ಉದ್ದ ಇದ್ದ ಹೊತ್ತಿಗೆ ಸೂರ್ಯನಿಗೆ ಎಡಗಿವಿ ಕೊಟ್ಟು ನಿಂತು ಸಹೋದ್ಯೋಗಿಯಿಂದ ಫೋಟೋ ತೆಗೆಸಿದೆ. ಕ್ಯಾಪಿನಲ್ಲಿ ಕಿವಿ ಪೂರ್ತಿ ಬಿಸಿಲಲ್ಲಿ. ಹಳೆಯ ಅಂಪೈರ್ ಹ್ಯಾಟಿನಲ್ಲಿ ನೆರಳಿನ ಗೆರೆ ಕಿವಿಯ ಅರ್ಧಕ್ಕೆ ನಿಂತಿತು, ಅಂಚು ಎಂಟು ಇದ್ದರೂ! ಅದರ ಅಂಚು ತುದಿಯಲ್ಲಿ ಮೇಲಕ್ಕೆ ಎದ್ದಿದೆ. ಹೊಸದರಲ್ಲಿ ಗೆರೆ ಕಿವಿಯ ಹಾಲೆ ದಾಟಿ ದವಡೆ ಮೇಲೆ ಬಿತ್ತು. ಹಿಂದೆ ಶರ್ಟಿನ ಕಾಲರ್‌ಗೂ ನೆರಳಿಗೂ ಮಧ್ಯೆ ಎರಡು ಬೆರಳು ಜಾಗ ಮಾತ್ರ ಉಳಿಯಿತು. ಅಲ್ಲಿಗೆ ಭಟ್ರ ಸನ್‌ಸ್ಕ್ರೀನ್.

ಖಾಕಿ ಪ್ಯಾಂಟಿಗೆ, ಜೀನ್ಸಿಗೆ ಚೆನ್ನಾಗಿ ಹೊಂದುತ್ತದೆ. ಮನೆಯಲ್ಲಿ ಕ್ರಿಕೆಟ್ ಪ್ರಶ್ನೆ ಬರಲಿಲ್ಲ. ಆದರೆ ಕುರ್ತಾ ಮೇಲೆ ಏನೋ ಸರಿ ಇಲ್ಲ. ತಿಳಿ ನೀಲಿ ಖಾದಿ ಕುರ್ತಾ ಹಾಕಿ ನೋಡಿದೆ.

ಬಾಂದ್ರಾ ಬೆಣ್ಣೆದೋಸೆ

ಫೋಟೋ ಪ್ರಯೋಗ ಸೂಪರ್! ಕುರ್ತಾಗೆ ಚಾರಣದ ಹ್ಯಾಟ್ ಹೊಂದುವುದಿಲ್ಲ ಅಣ್ಣಾ. ಅದರ ಪಕ್ಕದಲ್ಲಿ ಗಾಳಿಗೆ ಹಿತ್ತಾಳೆ ಕಣ್ಣು, ಗಲ್ಲಕ್ಕೆ ದಾರ, ಕೊಕ್ಕೆ ಎಲ್ಲ ಇರುತ್ತದಲ್ಲ. ಆ ಸಾಮಾನು ಜೀನ್ಸ್ ಮೇಲೆ ಸಹಜ, ಕುರ್ತಾ ಮೇಲೆ ಎದ್ದು ಕಾಣುತ್ತದೆ. ಕುರ್ತಾಗೆ ಖಾದಿ ಅಥವಾ ಲಿನನ್ ಬಟ್ಟೆಯ ಬಕೆಟ್ ಇರಬೇಕು, ಏನೂ ಅಲಂಕಾರ ಇಲ್ಲದ್ದು.

ಮಾಟುಂಗಾ ಸೂಜಿದಾರ

ಒಂಟಿ ಪದರದ ಕೈಮಗ್ಗದ ಬಟ್ಟೆ ಬೆಳಕು ಬಿಡುತ್ತದೆ. ಒಳಗೆ ಗಾಢ ಬಣ್ಣದ ಪಾಪ್ಲಿನ್ ಅಸ್ತರಿ ಹಾಕಿಸಬೇಕು. ಮೇಲೆ ಖಾದಿ, ಅಡಿಗೆ ನೇವಿ. ಅರ್ಧ ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಬಟ್ಟೆ ಹಿಡಿಯುತ್ತದೆ. ಯಾವ ಒಳ್ಳೆ ದರ್ಜಿಯಾದರೂ ನಿಮ್ಮ ಆಲಿವ್ ಹ್ಯಾಟನ್ನು ಅಳತೆಗೆ ಇಟ್ಟುಕೊಂಡು ಹೊಲಿದುಕೊಡುತ್ತಾನೆ. ತಲೆ ಭಾಗದ ಅಳತೆ ಅದೇ ಇರಲಿ, ಅಂಚು ಆರೂವರೆ ಸಾಕು.

ಮೆಡಿಕಲ್ ಭಟ್ರು

ಕುರ್ತಾಗೆ ಗಾಂಧಿ ಟೋಪಿ ಇದೆಯಲ್ಲ. ಮಹಾರಾಷ್ಟ್ರದಲ್ಲಿ ಅದಕ್ಕಿಂತ ಹೊಂದುವುದು ಯಾವುದಿದೆ?

ಸ್ವಾರಗೇಟ್ ಸ್ಕೂಟಿ

ಅದಕ್ಕೆ ಅಂಚೇ ಇಲ್ಲ ಭಟ್ರೇ. ಕಿವಿ ಮಾತು ಎಲ್ಲಿಗೆ ಹೋಯಿತು? ಅದೂ ಅಲ್ಲದೆ ಫ್ಲಾಟ್ ತೋರಿಸಲು ಬಂದವರು ಓಟು ಕೇಳಲು ಬಂದಂತೆ ಕಾಣುತ್ತಾರೆ.

ವಿಜಯಪುರ ಬಿಸಿಲು

ಕುರ್ತಾಗೆ ನಮ್ಮ ಬಿಳಿ ಟವಲ್ ಹೊಂದುತ್ತದೆ. ಇನ್ನು ನಾನು ಹೇಳುವುದಿಲ್ಲ.

ಬಾಂದ್ರಾ ಬೆಣ್ಣೆದೋಸೆ

ನಿಜ ಹೇಳಬೇಕೆಂದರೆ ತೆಳು ಕಾಟನ್ ಸ್ಟೋಲ್ ಕತ್ತಿಗೆ ಸುತ್ತಿದರೆ ಕುರ್ತಾಗೆ ಚೆನ್ನಾಗಿಯೇ ಇರುತ್ತದೆ. ಕತ್ತಿನ ಹಿಂಭಾಗವೂ ಮುಚ್ಚುತ್ತದೆ. ವಿಜಯಪುರ ಅಣ್ಣ ಗೆದ್ದರು ಅನ್ನಿ.

ಮಾಟುಂಗಾ ಸೂಜಿದಾರ

ನಾನು ಒಪ್ಪುವುದಿಲ್ಲ. ಮೇ ತಿಂಗಳಲ್ಲಿ ಕತ್ತಿಗೆ ಸ್ಟೋಲ್ ಸುತ್ತಿಕೊಂಡು ಯಾರು ನಿಲ್ಲುತ್ತಾರೆ? ಅರ್ಧ ಗಂಟೆಗೆ ತೆಗೆದು ಬ್ಯಾಗಿಗೆ ಹಾಕುತ್ತಾರೆ. ಹಾಕಿಕೊಂಡು ಇರಲಾಗದ್ದು ಎಷ್ಟು ಚೆಂದ ಇದ್ದರೂ ಪ್ರಯೋಜನ ಇಲ್ಲ.

ಬಾಂದ್ರಾ ಬೆಣ್ಣೆದೋಸೆ

ಆಂಟಿ, ಅವರಿರುವುದು ಪುಣೆ, ಮುಂಬೈ ಅಲ್ಲ. ಅಲ್ಲಿ ಒಣ ಬಿಸಿಲು. ನಮ್ಮ ಹಾಗೆ ಬೆವರಿ ಸಾಯುವುದಿಲ್ಲ.

ಬೊರಿವಲಿ ಫಾಸ್ಟ್

ಶುರುವಾಯಿತು ಪುಣೆ ಮುಂಬೈ ಜಗಳ. ನನ್ನದೊಂದು ಪ್ರಶ್ನೆ. ಎರಡು ಕ್ಯಾಪ್ ಮಳೆಗಾಲದಲ್ಲಿ ಹಾಳಾದವು. ಒಂದರ ಅಂಚು ಸೊಟ್ಟ ಆಯಿತು, ಇನ್ನೊಂದು ನಾರುತ್ತದೆ. ಏನು ಮಾಡಬೇಕು?

ಮಾಟುಂಗಾ ಸೂಜಿದಾರ

ಸೊಟ್ಟ ಆಗಿದ್ದರ ಒಳಗೆ ರಟ್ಟು ಇದೆ. ಅದು ಇನ್ನು ಸರಿಯಾಗುವುದಿಲ್ಲ, ಬಿಡಿ. ಹೊಸದು ಕೊಳ್ಳುವಾಗ ಅಂಚನ್ನು ಸ್ವಲ್ಪ ಬಗ್ಗಿಸಿ ಬಿಡಿ. ಪ್ಲಾಸ್ಟಿಕ್ ಇದ್ದರೆ ತಟ್ಟನೆ ಮೊದಲಿನಂತಾಗುತ್ತದೆ, ರಟ್ಟು ಇದ್ದರೆ ಗೆರೆ ಬೀಳುತ್ತದೆ. ನಾರುವುದಕ್ಕೆ ಕಾರಣ ಒಳಪಟ್ಟಿಯಲ್ಲಿ ಕೂತ ಬೆವರು. ಆ ಪಟ್ಟಿಗೆ ಮಾತ್ರ ಶಾಂಪೂ ಹಚ್ಚಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಮಷಿನ್‌ಗೆ ಹಾಕಬೇಡಿ. ತೊಳೆದ ಮೇಲೆ ತಲೆಯಷ್ಟು ದೊಡ್ಡ ಡಬ್ಬಿ ಬೋರಲು ಹಾಕಿ ಅದರ ಮೇಲೆ ಇಟ್ಟು ಫ್ಯಾನ್ ಗಾಳಿಯಲ್ಲಿ ಒಣಗಿಸಿ, ಆಕಾರ ಉಳಿಯುತ್ತದೆ.

ಬೊರಿವಲಿ ಫಾಸ್ಟ್

ಮನೆಯಲ್ಲಿ ಕುಕ್ಕರ್ ಬಿಟ್ಟರೆ ಆ ಅಳತೆಯದ್ದು ಇಲ್ಲ. ಅವಲಕ್ಕಿ ಡಬ್ಬಿ ಖಾಲಿಯಾಗಲಿ.

ಕರ್ವೆನಗರ ಗದಗ

ಖಾದಿ ಬಟ್ಟೆ ತಂದಿದ್ದೇನೆ. ನಮ್ಮ ದರ್ಜಿ ಬ್ಲೌಸ್ ಬಿಟ್ಟು ಏನೂ ಹೊಲಿಯುವುದಿಲ್ಲ ಎನ್ನುತ್ತಿದ್ದಾನೆ. ಕರ್ವೆನಗರ, ಕೋಥ್ರೂಡ್ ಕಡೆ ಹ್ಯಾಟ್ ಹೊಲಿಯುವವರು ಯಾರಾದರೂ ಗೊತ್ತಾ?

ಸ್ವಾರಗೇಟ್ ಸ್ಕೂಟಿ

ಶಾಲೆಯ ಯೂನಿಫಾರ್ಮ್ ಹೊಲಿಯುವವರನ್ನು ಕೇಳಿ. ಬಕ್ರಮ್ ಅವರ ಹತ್ತಿರ ಯಾವಾಗಲೂ ಇರುತ್ತದೆ. ಇನ್ನೊಂದು, ನನಗೆ ಉದ್ದ ಕೂದಲು. ಇಷ್ಟು ಆಳದ ಹ್ಯಾಟ್ ಹಾಕಿದರೆ ಜುಟ್ಟು ಹಿಂದಿನ ಅಂಚನ್ನು ಎತ್ತಿಬಿಡುತ್ತದೆ. ಅದಕ್ಕೆ ಏನು ಉಪಾಯ?

ಮಾಟುಂಗಾ ಸೂಜಿದಾರ

ಜುಟ್ಟನ್ನು ಕೆಳಗೆ, ಕತ್ತಿನ ಹತ್ತಿರ ಕಟ್ಟಿ, ಇಲ್ಲ ಜಡೆ ಹಾಕಿ. ಮೇಲೆ ಕಟ್ಟುವವರಿಗೆ ಹಿಂದೆ ಸೀಳು ಇರುವ ಹ್ಯಾಟ್ ಸಿಗುತ್ತದೆ, ಆದರೆ ಸೀಳಿನ ಜಾಗದಲ್ಲಿ ಕತ್ತಿಗೆ ಬಿಸಿಲು. ಅಲ್ಲಿ ಒಂದು ಮಡಿಕೆ ಬಟ್ಟೆ ಒಳಗಿನಿಂದ ಹಾಕಿ ಹೊಲಿಸಿಕೊಳ್ಳಿ.